ಕೊಡಲೇಬೇಕು, ಕೊಡಬಹುದು

"ದಿನಕ್ಕೆ 68 ರೂಪಾಯಿ ಉಳಿಸಿ, 9 ಲಕ್ಷ ಗ್ಯಾರಂಟಿ ಪಡೆಯಿರಿ."

2017ರಲ್ಲಿ ನಾನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ ಪೋಸ್ಟರ್ ಇದು. ನಾನೇ ಬರೆದದ್ದಲ್ಲ. ಏಜೆಂಟರ ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಕೆಳಗೆ ನನ್ನ ಹೆಸರು, ನಂಬರು ಸೇರಿಸಿ ಹಾಗೇ ಹಂಚಿದೆ. ನಾನು ತಿಪಟೂರಿನಲ್ಲಿ ಜೀವ ವಿಮೆ ಏಜೆಂಟ್. ಆಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಪೋಸ್ಟರ್ ನೋಡಿ ಇಬ್ಬರು ಫೋನ್ ಮಾಡಿದರು. ಒಬ್ಬರು ನಮ್ಮ ಬೀದಿಯ ಟೈಲರ್. ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದ ಹೆಣ್ಣುಮಗಳು. ಇನ್ನೊಬ್ಬರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಹಿರಿಯರು.

ಟೈಲರ್ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, 9 ಲಕ್ಷ ಬಂದೇ ಬರುತ್ತಾ?" ನಾನು ಹೂಂ ಅಂದೆ. ಅವರು ಪಾಲಿಸಿ ಮಾಡಿಸಿದರು. ಮಂಡಿಯ ಅಣ್ಣ ಕೇಳಿದ್ದು ಬೇರೆ. "ಅಮ್ಮಾ, ಇದು ಆರ್‌ಡಿಗಿಂತ ಜಾಸ್ತಿನಾ, ಕಡಿಮೆನಾ? ಶೇಕಡಾ ಎಷ್ಟು ಬೀಳುತ್ತೆ?" ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಅಂದೆ. ಬ್ರಾಂಚಿನಲ್ಲಿ ಕೇಳಿದರೆ, "ಮೇಡಂ, ಬೋನಸ್ ಸಾವಿರಕ್ಕೆ 40 ಇದೆ, ಚೆನ್ನಾಗಿದೆ ಅಂತ ಹೇಳಿ" ಅಂದರು. ಅದು ಅವರ ಪ್ರಶ್ನೆಗೆ ಉತ್ತರವೇ ಅಲ್ಲ ಅಂತ ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು.

ಆ ಪಾಲಿಸಿಯ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ, ತೆರಿಗೆಯನ್ನು ಬಿಟ್ಟಿದ್ದೇನೆ. ವಿಮಾ ಮೊತ್ತ 5 ಲಕ್ಷ. ಅವಧಿ 20 ವರ್ಷ. ವರ್ಷದ ಕಂತು 25,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 68 ರೂಪಾಯಿ ಚಿಲ್ಲರೆ. ಪೋಸ್ಟರಿನ ಮೊದಲ ಅಂಕಿ ಅಲ್ಲಿಂದ ಬಂದದ್ದು. ಬೋನಸ್ ಸಾವಿರಕ್ಕೆ 40 ಅಂದರೆ, 5 ಲಕ್ಷಕ್ಕೆ ವರ್ಷಕ್ಕೆ 20,000. ಇಪ್ಪತ್ತು ವರ್ಷವೂ ಅಷ್ಟೇ ಬಂತು ಅಂದುಕೊಂಡರೆ 4 ಲಕ್ಷ. ಐದಕ್ಕೆ ನಾಲ್ಕು ಸೇರಿಸಿದರೆ 9 ಲಕ್ಷ. ಎರಡನೇ ಅಂಕಿ ಇದು.

ಈ 9 ಲಕ್ಷದಲ್ಲಿ ಕಾಗದದ ಮೇಲೆ ಕಂಪನಿ ಒಪ್ಪಿಕೊಂಡಿರುವುದು ಎಷ್ಟು? 5 ಲಕ್ಷ. ಉಳಿದ 4 ಲಕ್ಷ ಅಂದಾಜು. ಇನ್ನೊಂದು ಮಾತು ನೋಡಿ. ಇಪ್ಪತ್ತು ವರ್ಷದಲ್ಲಿ ಟೈಲರ್ ಕಟ್ಟುವುದೂ 5 ಲಕ್ಷವೇ. ಅಂದರೆ ಅವರು ಬದುಕಿದ್ದು ಅವಧಿ ಮುಗಿಸಿದರೆ, ಮೊದಲ ದಿನವೇ ಗ್ಯಾರಂಟಿ ಅಂತ ಹೇಳಬಹುದಾಗಿದ್ದದ್ದು ಅವರು ಹಾಕಿದ ದುಡ್ಡು ಅಷ್ಟೇ. ಅದರ ಮೇಲಿನ ಒಂದೊಂದು ರೂಪಾಯಿಯೂ ವರ್ಷವರ್ಷ ಕಂಪನಿ ಘೋಷಿಸಬೇಕಾದ ಬೋನಸ್. ನಾನು ಗ್ಯಾರಂಟಿ ಅಂದದ್ದು ಸರಿಯಾಗಿ ಈ ಭಾಗಕ್ಕೆ.

ಈ ವ್ಯತ್ಯಾಸವನ್ನು ನಮ್ಮೂರಿನವರಿಗೆ ಹೇಗೆ ಬರೆದು ತಿಳಿಸುವುದು ಅಂತ ತುಂಬಾ ಯೋಚಿಸಿದೆ. ಕೊನೆಗೆ ಕೊಬ್ಬರಿಯೇ ಕೈಹಿಡಿಯಿತು. ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಉಂಡೆ ಕೊಬ್ಬರಿ ಆಗುವ ಹೊತ್ತಿಗೆ ರೇಟು ಏನಿರುತ್ತೆ ಅಂತ ಅಟ್ಟಕ್ಕೆ ಹಾಕುವಾಗ ಯಾರೂ ಬರೆದುಕೊಡುವುದಿಲ್ಲ. 2023ರಲ್ಲಿ ಮಾರುಕಟ್ಟೆ ರೇಟು ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದೂ ಗೊತ್ತು, 2025ರಲ್ಲಿ ಅದರ ಎರಡು ಪಟ್ಟು ದಾಟಿದ್ದೂ ಗೊತ್ತು. ಹಾಗಾಗಿ ಈಗ ಹೀಗೆ ಬರೆಯುತ್ತೇನೆ:

"ವಿಮಾ ಮೊತ್ತ ಬೆಂಬಲ ಬೆಲೆ ಇದ್ದ ಹಾಗೆ. ಮೊದಲೇ ಗೊತ್ತಿರುತ್ತೆ. ಬೋನಸ್ ಮಾರುಕಟ್ಟೆ ರೇಟು ಇದ್ದ ಹಾಗೆ. ಹೋದ ವರ್ಷದ್ದು ಗೊತ್ತು, ಬರುವ ವರ್ಷದ್ದು ಯಾರಿಗೂ ಗೊತ್ತಿಲ್ಲ."

ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಅದನ್ನೂ ಹೇಳಬೇಕು. ಬೆಂಬಲ ಬೆಲೆ ಸಿಗಬೇಕಾದರೆ ಖರೀದಿ ಕೇಂದ್ರ ತೆರೆಯಬೇಕು, ಹೆಸರು ನೋಂದಾಯಿಸಬೇಕು, ಮಿತಿಯೊಳಗೆ ಕೊಡಬೇಕು. ವಿಮಾ ಮೊತ್ತ ಹಾಗಲ್ಲ, ಅದು ಕರಾರು. ಇನ್ನೊಂದು, ಕೊಬ್ಬರಿ ರೇಟು ಇವತ್ತು ಏರಿ ನಾಳೆ ಇಳಿಯುತ್ತದೆ. ಬೋನಸ್ ಒಮ್ಮೆ ಘೋಷಣೆಯಾಗಿ ಪಾಲಿಸಿಗೆ ಸೇರಿದರೆ ಕಂಪನಿ ಅದನ್ನು ವಾಪಸ್ ತೆಗೆಯುವಂತಿಲ್ಲ. ಆದರೆ ಕೈಗೆ ಬರುವುದು ಅವಧಿ ಮುಗಿದಾಗ, ಇಲ್ಲವೇ ಸಾವಾದಾಗ. ಅಲ್ಲಿಯವರೆಗೆ ಅದಕ್ಕೆ ಬಡ್ಡಿ ಸೇರುವುದಿಲ್ಲ. ಮೊದಲ ವರ್ಷ ಸೇರಿದ 20,000, ಇಪ್ಪತ್ತನೇ ವರ್ಷದಲ್ಲೂ 20,000ವೇ. "ಸಾವಿರಕ್ಕೆ 40 ಅಂದ್ರೆ 4 ಪರ್ಸೆಂಟು ಬಡ್ಡಿ, ಜೊತೆಗೆ ಅಸಲು" ಅಂತ ಅಂದುಕೊಳ್ಳುವವರು ಜಾಸ್ತಿ. ಬ್ಯಾಂಕಿನಲ್ಲಿ ಬಡ್ಡಿಗೆ ಬಡ್ಡಿ ಬೆಳೆಯುತ್ತೆ. ಇದು ಬೆಳೆಯುವ ರೀತಿ ಬೇರೆ.

ಮಂಡಿಯ ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಎಕ್ಸೆಲ್ ಸೂತ್ರದಲ್ಲಿ. ಮಗನ ಕಂಪ್ಯೂಟರ್ ತರಗತಿಯ ಪುಸ್ತಕ ತಿರುವುವಾಗ ಕಣ್ಣಿಗೆ ಬಿತ್ತು.

```
=RATE(20,-25000,0,900000,1)
```

20 ಅಂದರೆ ಎಷ್ಟು ಕಂತು. 25,000 ಕೈಯಿಂದ ಹೋಗುವ ದುಡ್ಡು, ಅದಕ್ಕೇ ಹಿಂದೆ ಮೈನಸ್. 9 ಲಕ್ಷ ಕೊನೆಗೆ ಬರುವುದು. ಕೊನೆಯ 1 ಅಂದರೆ ಕಂತನ್ನು ವರ್ಷದ ಶುರುವಿನಲ್ಲಿ ಕಟ್ಟುತ್ತೇವೆ ಅಂತ. ಉತ್ತರ ಸುಮಾರು 5.3 ಶೇಕಡಾ. ಬರೀ 5% ಅಂತ ತೋರಿಸಿದರೆ ದಶಮಾಂಶದ ಸ್ಥಾನ ಹೆಚ್ಚಿಸಿ ನೋಡಿ. ಬೋನಸ್ ಸಾವಿರಕ್ಕೆ 40ರ ಬದಲು 30 ಆದರೆ ಕೊನೆಯ ಮೊತ್ತ 8 ಲಕ್ಷ, ಶೇಕಡಾವಾರು 4.3ಕ್ಕೆ ಇಳಿಯುತ್ತದೆ. ಬೋನಸ್ಸೇ ಇಲ್ಲ ಅಂದುಕೊಂಡು 5 ಲಕ್ಷ ಹಾಕಿದರೆ ಸೊನ್ನೆ. ಕಂಪನಿ ಮಾತು ಕೊಟ್ಟಿರುವುದು ಆ ಸೊನ್ನೆಗೆ. ಮೇಲಿನದ್ದೆಲ್ಲ ನಿರೀಕ್ಷೆ.

ಈ ಲೆಕ್ಕ ಹಿಡಿದುಕೊಂಡು ಮಂಡಿಗೆ ಹೋದೆ. ಅಣ್ಣ ಕನ್ನಡಕ ಏರಿಸಿಕೊಂಡು ನೋಡಿದರು. "ಆರ್‌ಡಿನೇ ವಾಸಿ. ಆದ್ರೆ ನಾನು ಸತ್ರೆ ಆರ್‌ಡಿ ಎಷ್ಟು ಕೊಡುತ್ತೆ?" ಅಂದರು. ನಾನು ಮರೆತಿದ್ದ ಪ್ರಶ್ನೆ ಅದು. ಮೂರು ಕಂತು, ಅಂದರೆ 75,000 ಕಟ್ಟಿದವರು ಮೂರನೇ ವರ್ಷದ ಕೊನೆಗೆ ತೀರಿಕೊಂಡರೆ ಮನೆಯವರಿಗೆ 5 ಲಕ್ಷ ಬರುತ್ತದೆ. ಜೊತೆಗೆ ಅಲ್ಲಿಯವರೆಗೆ ಸೇರಿದ ಬೋನಸ್, ನಮ್ಮ ಲೆಕ್ಕದಲ್ಲಿ 60,000. ಆರ್‌ಡಿಯಲ್ಲಿ 75,000 ಮತ್ತು ಅದರ ಬಡ್ಡಿ ಅಷ್ಟೇ. ವಿಮೆ ಮಾಡುವ ಕೆಲಸ ಇದು. ಪೋಸ್ಟರಿನಲ್ಲಿ ಸಾವಿನ ಮಾತೇ ಇರಲಿಲ್ಲ, ಲಾಭದ ಮಾತು ಮಾತ್ರ ಇತ್ತು.

ಆದರೆ ಅದೇ ಕೆಲಸಕ್ಕೆ ವರ್ಷಕ್ಕೆ 25,000 ಬೇಕಾ? ಆರೋಗ್ಯವಾಗಿರುವ 35ರ ವಯಸ್ಸಿನವರಿಗೆ ಇದಕ್ಕಿಂತ ತುಂಬಾ ಕಡಿಮೆ ಕಂತಿಗೆ ಹತ್ತು ಪಟ್ಟು ಮೊತ್ತದ ಟರ್ಮ್ ಪಾಲಿಸಿ ಸಿಗುತ್ತದೆ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ. ಈ ವಾಕ್ಯವನ್ನು ನಾನು ಪೋಸ್ಟಿನ ಮೊದಲ ಸಾಲಿನಲ್ಲೇ ಹಾಕುತ್ತೇನೆ. ಏಕೆಂದರೆ ಜನ ಕಡೆಗೆ ಸಿಟ್ಟಾಗುವುದು ಅಲ್ಲೇ. "ಕಾರಿನ ಇನ್ಶೂರೆನ್ಸ್ ಕಟ್ಟಿ ಆಕ್ಸಿಡೆಂಟ್ ಆಗದಿದ್ರೆ ದುಡ್ಡು ಕೇಳ್ತೀವಾ?" ಅಂತ ಒಂದು ಸಾಲು ಸೇರಿಸಿದರೆ ತಿಳಿಯುತ್ತದೆ.

ಈಗ ಟೈಲರ್ ವಿಷಯಕ್ಕೆ ಬರುತ್ತೇನೆ. 2017, 2018, ಎರಡು ಕಂತು ಕಟ್ಟಿದರು. 2019ರಲ್ಲಿ ಅವರ ಗಂಡನಿಗೆ ಆಪರೇಷನ್ ಆಯಿತು. ಕಂತು ನಿಂತಿತು. "ಅಕ್ಕಾ, ಕಟ್ಟಿರೋದಾದ್ರೂ ಕೊಡಿಸಿ" ಅಂತ ಬಂದರು. ಆಗಿನ ನಿಯಮದ ಪ್ರಕಾರ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕಂತು ಕಟ್ಟುವ ಇಂಥ ಪಾಲಿಸಿಗೆ ಮೂರು ವರ್ಷದ ಕಂತು ಪೂರ್ತಿಯಾಗದಿದ್ದರೆ ಸರೆಂಡರ್ ಮೊತ್ತ, ಅಂದರೆ ನಡುವೆ ಬಿಟ್ಟವರಿಗೆ ವಾಪಸ್ ಬರುವ ದುಡ್ಡು, ಇಲ್ಲವೇ ಇಲ್ಲ. ಪಾಲಿಸಿ ಲ್ಯಾಪ್ಸ್ ಆಯಿತು. 50,000 ಹೋಯಿತು. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಮೂರನೇ ವರ್ಷದ ಈ ಷರತ್ತು ಪಾಲಿಸಿ ಬಾಂಡಿನಲ್ಲಿ ಅಚ್ಚಾಗಿತ್ತು. ನಾನು ಓದಿದ್ದೆ, ಹೇಳಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಮೆಷಿನ್ ಮುಂದೆ ಕೂತು, ದಾರ ಹಾಕುತ್ತಾ, "ಹೋಗಲಿ ಬಿಡಿ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಿಯಮ ಆಮೇಲೆ ಸಡಿಲವಾಯಿತು. ಮೊದಲು ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. 2024ರ ಅಕ್ಟೋಬರ್ 1ರಿಂದ ಮಾಡಿಸಿದ ಪಾಲಿಸಿಯಲ್ಲಿ, ಒಂದು ವರ್ಷದ ಕಂತು ಪೂರ್ತಿ ಕಟ್ಟಿ ವರ್ಷ ಮುಗಿದಿದ್ದರೆ, ಏನಾದರೂ ವಾಪಸ್ ಬರುತ್ತದೆ. ಆದರೆ "ಏನಾದರೂ" ಅನ್ನುವುದು ಎಷ್ಟು ಅಂತ ಬರೆಯದಿದ್ದರೆ ಅದೂ ಅರ್ಧ ಸತ್ಯವೇ. ಇದೇ ಪಾಲಿಸಿಯಲ್ಲಿ ಎರಡು ಕಂತು ಕಟ್ಟಿ ನಿಲ್ಲಿಸಿದರೆ, ಇಪ್ಪತ್ತರಲ್ಲಿ ಎರಡು ಪಾಲು ಕಟ್ಟಿದಂತೆ. 5 ಲಕ್ಷದಲ್ಲಿ ಎರಡು ಪಾಲು ಅಂದರೆ 50,000. ಆದರೆ ಅದು ಸಿಗಬೇಕಾದದ್ದು ಇನ್ನೂ 18 ವರ್ಷದ ಮೇಲೆ. ಇವತ್ತೇ ಬೇಕು ಅಂದರೆ ಇವತ್ತಿನ ಬೆಲೆ ಕಟ್ಟುತ್ತಾರೆ. ಶೇಕಡಾ 7ರ ಲೆಕ್ಕ ಹಿಡಿದರೆ ಅದು ಹತ್ತಿರ ಹತ್ತಿರ 15,000. ಜೊತೆಗೆ ಸೇರಿದ ಬೋನಸ್ 40,000, ಅದರ ಇವತ್ತಿನ ಬೆಲೆ ಹತ್ತಿರ ಹತ್ತಿರ 12,000. 50,000 ಕಟ್ಟಿದವರಿಗೆ ಸಿಗುವುದು ಅರ್ಧದ ಆಸುಪಾಸು ಅಷ್ಟೇ. ದುಡ್ಡು ಎಲ್ಲಿ ಹೋಯಿತು ಅಂತ ಕೇಳಿದರೆ, ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಪಾಲಿಸಿ ಶುರುಮಾಡುವ ಖರ್ಚಿಗೆ ಹೋಗುತ್ತದೆ. ಅದರಲ್ಲಿ ನನ್ನ ಕಮಿಷನ್ನೂ ಸೇರಿದೆ. ಇದನ್ನು ಗ್ರಾಹಕರಿಗೆ ಹೇಳುವುದು ಮೊದಮೊದಲು ಕಷ್ಟವಾಯಿತು. ಈಗ ಕೇಳುವ ಮೊದಲೇ ಹೇಳುತ್ತೇನೆ.

ಬರೆಯುವ ರೀತಿಯಲ್ಲಿ ನಾನು ಮಾಡಿಕೊಂಡ ದೊಡ್ಡ ಬದಲಾವಣೆ ಒಂದು ಕ್ರಿಯಾಪದದ್ದು. ಗ್ಯಾರಂಟಿ ಅನ್ನುವ ಪದ ತೆಗೆದರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ತೆಗೆದು, "20 ವರ್ಷಕ್ಕೆ 9 ಲಕ್ಷ ಬರುತ್ತದೆ" ಅಂತ ಬರೆದೆ. ಓದಿದವರಿಗೆ ಏನೂ ವ್ಯತ್ಯಾಸ ಆಗಲಿಲ್ಲ. "ಬರುತ್ತದೆ" ಅಂದರೆ ಬರುತ್ತದೆ, ಅಷ್ಟೇ ಅಲ್ವಾ? ಸರಿ, ಎಲ್ಲ ಕಡೆ "ಬರಬಹುದು" ಅಂತ ಬದಲಾಯಿಸಿದೆ. ಅದು ಇನ್ನೊಂದು ತಪ್ಪು. ತೀರಿಕೊಂಡರೆ ಮನೆಯವರಿಗೆ 5 ಲಕ್ಷ "ಬರಬಹುದು" ಅಂತ ಓದಿದ ಒಬ್ಬ ಅಂಗನವಾಡಿ ಟೀಚರ್, "ಹಾಗಾದ್ರೆ ಬರದೇನೂ ಇರಬಹುದಾ?" ಅಂತ ಹೆದರಿ ಕೇಳಿದರು.

ಈಗ ಎರಡೇ ಕ್ರಿಯಾಪದ ಬಳಸುತ್ತೇನೆ. ಕಂಪನಿ ಕರಾರಿನ ಪ್ರಕಾರ ಕೊಡಬೇಕಾದದ್ದಕ್ಕೆ "ಕೊಡಲೇಬೇಕು". ಮುಂದೆ ಆಗುವ ಘೋಷಣೆಯ ಮೇಲೆ ನಿಂತದ್ದಕ್ಕೆ "ಕೊಡಬಹುದು". ಈಗಾಗಲೇ ಸೇರಿದ ಬೋನಸ್ ಎರಡನೇ ಸಾಲಿನಿಂದ ಮೊದಲ ಸಾಲಿಗೆ ಹೋಗುತ್ತದೆ. "ಕೊಡಲೇಬೇಕು" ಅಂದಲ್ಲೆಲ್ಲ ಷರತ್ತು ಪಕ್ಕದಲ್ಲೇ ಇರಬೇಕು: ಕಂತು ಸರಿಯಾಗಿ ಕಟ್ಟಿರಬೇಕು, ಪ್ರಪೋಸಲ್ ಫಾರಂನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ತಂಬಾಕು ಏನನ್ನೂ ಮುಚ್ಚಿಟ್ಟಿರಬಾರದು. ಕೆಳಗೆ ಸಣ್ಣಕ್ಷರದಲ್ಲಿ ಅಲ್ಲ, ಅದೇ ವಾಕ್ಯದಲ್ಲಿ.

ಗ್ಯಾರಂಟಿ ಅನ್ನುವ ಪದಕ್ಕೆ ನಮ್ಮ ರಾಜ್ಯದಲ್ಲಿ 2023ರಿಂದ ಇನ್ನೊಂದು ಅರ್ಥವೂ ಸೇರಿದೆ. ಸರ್ಕಾರ ತಿಂಗಳು ತಿಂಗಳು ಅಕೌಂಟಿಗೆ ಹಾಕುವ ದುಡ್ಡು ಅಂತ. ಹಳ್ಳಿಯಲ್ಲಿ ಆ ಪದ ಕೇಳಿದರೆ ಷರತ್ತಿಲ್ಲದೆ ಬರುವ ಹಣ ಅಂತಲೇ ಅಂದುಕೊಳ್ಳುತ್ತಾರೆ. ನಿಜವಾಗಿಯೂ ಖಚಿತ ಮೊತ್ತ ಕೊಡುವ, ಬೋನಸ್ ಇಲ್ಲದ ಪಾಲಿಸಿಗಳೂ ಇವೆ. ಅವುಗಳ ಕಾಗದದಲ್ಲೇ ಆ ಪದ ಇರುತ್ತದೆ. ಅಲ್ಲೂ ನಾನು ಯಾವ ವರ್ಷ ಎಷ್ಟು ರೂಪಾಯಿ ಅಂತ ಬರೆದು, RATE ಹಾಕಿದ ಶೇಕಡಾವಾರು ಪಕ್ಕದಲ್ಲಿ ಕೊಡುತ್ತೇನೆ. ಖಚಿತ ಅಂದಮಾತ್ರಕ್ಕೆ ಜಾಸ್ತಿ ಅಂತ ಅಲ್ಲ.

ಇನ್ನೊಂದು ಗೊಂದಲ ಬೆನಿಫಿಟ್ ಇಲಸ್ಟ್ರೇಷನ್ ಕಾಗದದ್ದು. ಪಾಲಿಸಿ ಮಾಡಿಸುವಾಗ ಸಹಿ ಹಾಕಿಸುತ್ತೇವಲ್ಲ, ಅದು. ಅದರಲ್ಲಿ ಶೇಕಡಾ 4 ಮತ್ತು ಶೇಕಡಾ 8 ಅಂತ ಎರಡು ಲೆಕ್ಕ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗೂ ಹಾಕಿಕೊಟ್ಟ ಅಂಕಿ ಅವು. ಕಂಪನಿ ತನ್ನ ಹೂಡಿಕೆಯಲ್ಲಿ ಇಷ್ಟು ಗಳಿಸಿದರೆ ನಿಮಗೆ ಎಷ್ಟಾಗಬಹುದು ಅಂತ ತೋರಿಸುವುದಕ್ಕೆ. ನಿಮಗೆ ಶೇಕಡಾ 8 ಸಿಗುತ್ತದೆ ಅಂತ ಅಲ್ಲ. ಖರ್ಚು, ವಿಮೆಯ ರಕ್ಷಣೆಯ ವೆಚ್ಚ ಎಲ್ಲ ಕಳೆದ ಮೇಲೆ ಆ ಕಾಲಂನ ಕೊನೆಯ ಮೊತ್ತವನ್ನು RATEಗೆ ಹಾಕಿದರೆ ಉತ್ತರ ಎಂಟಕ್ಕಿಂತ ಕೆಳಗೇ ಇರುತ್ತದೆ. 4 ಕನಿಷ್ಠವೂ ಅಲ್ಲ, 8 ಗರಿಷ್ಠವೂ ಅಲ್ಲ. 8ರ ಕಾಲಂ ಮಾತ್ರ ಫೋಟೋ ಹೊಡೆದು ಸ್ಟೇಟಸ್ ಹಾಕುವವರನ್ನು ನೋಡುತ್ತೇನೆ. ಅದು ಸುಳ್ಳು ಕಾಗದ ಅಲ್ಲ. ಆದರೆ ಅರ್ಧ ಕತ್ತರಿಸಿದ ಕಾಗದ.

ಏಜೆಂಟರು ಹೀಗೆಲ್ಲ ಸ್ವಂತವಾಗಿ ಬರೆಯಬಹುದಾ ಅಂತ ಹೊಸಬರು ಕೇಳುತ್ತಾರೆ. ಬರೆಯಬಹುದು, ಆದರೆ ಹಾಕುವ ಮೊದಲು ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಹೆಸರು, ನಂಬರು, ಯಾವ ಥರದ ವಿಮೆ ಸೇವೆ ಕೊಡುತ್ತೀರಿ ಅಂತ ಮಾತ್ರ ಇದ್ದರೆ ಬೇರೆ ಮಾತು. ಪಾಲಿಸಿಯ ಹೆಸರು, ಲಾಭ, ಕಂತು ಯಾವುದೇ ಬಂದರೂ ಅದು ಜಾಹೀರಾತು. ವಾಟ್ಸಾಪ್ ಸ್ಟೇಟಸ್ ಆದರೂ ಅಷ್ಟೇ. ನಾನು ಬರೆದದ್ದನ್ನು ಬ್ರಾಂಚಿಗೆ ಮೇಲ್ ಮಾಡುತ್ತೇನೆ. ಒಪ್ಪಿಗೆ ಬರುವವರೆಗೆ ಕಾಯುತ್ತೇನೆ. ಕೆಲವು ಸಲ ವಾರ ಹಿಡಿಯುತ್ತದೆ. 2017ರ ಪೋಸ್ಟರನ್ನು ಹೀಗೆ ಕಳಿಸಿದ್ದರೆ ಅದು ಅಲ್ಲೇ ನಿಲ್ಲುತ್ತಿತ್ತು. "ಮೊದಲ ಕಂತಿನಲ್ಲಿ ರಿಯಾಯಿತಿ ಕೊಡ್ತೀನಿ" ಅಂತ ಬರೆಯುವುದಂತೂ 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅಪರಾಧ. ದಂಡ 10 ಲಕ್ಷದವರೆಗೆ. ಕಮಿಷನ್ ಬಿಟ್ಟುಕೊಡಿ ಅಂತ ಕೇಳುವ ಗ್ರಾಹಕರಿಗೆ ಈ ಸೆಕ್ಷನ್ ತೋರಿಸುತ್ತೇನೆ.

ಪೋಸ್ಟ್ ಓದಿ ಪಾಲಿಸಿ ಮಾಡಿಸಿದವರಿಗೆ ಒಂದು ಮೆಸೇಜ್ ಮಾತ್ರ ತಪ್ಪದೆ ಕಳಿಸುತ್ತೇನೆ, ಬಾಂಡ್ ಕೈಸೇರಿದ ವಾರದೊಳಗೆ. "ಬಾಂಡ್ ಬಂದ ದಿನದಿಂದ 30 ದಿನ ನಿಮಗೆ ಸಮಯ ಇದೆ. ನಾನು ಹೇಳಿದ್ದಕ್ಕೂ ಒಳಗೆ ಬರೆದಿರುವುದಕ್ಕೂ ತಾಳೆ ಆಗದಿದ್ದರೆ ಪಾಲಿಸಿ ವಾಪಸ್ ಕೊಡಬಹುದು. ವಿಮೆ ಇದ್ದಷ್ಟು ದಿನದ ಖರ್ಚು, ಮೆಡಿಕಲ್ ಮತ್ತು ಸ್ಟ್ಯಾಂಪ್ ಖರ್ಚು ಕಳೆದು ಉಳಿದ ದುಡ್ಡು ಬರುತ್ತೆ." ಇಲ್ಲಿ "ಬರುತ್ತೆ" ಅಂತಲೇ ಬರೆಯುತ್ತೇನೆ, ಅದು ಅವರ ಹಕ್ಕು. ಹೋದ ವರ್ಷ ಇಬ್ಬರು ವಾಪಸ್ ಕೊಟ್ಟರು. ಒಬ್ಬರು ಕಂತು ಕಟ್ಟುವ ಅವಧಿಯನ್ನು ತಪ್ಪು ತಿಳಿದುಕೊಂಡಿದ್ದರು, 10 ವರ್ಷ ಅಂತ. ಬಾಂಡಿನಲ್ಲಿ 15 ಇತ್ತು. ನನ್ನ ಕಮಿಷನ್ ಹೋಯಿತು. ಅವರ ದುಡ್ಡು ಉಳಿಯಿತು.

ಟೈಲರ್ ಹೋದ ತಿಂಗಳು ಫೋನ್ ಮಾಡಿದ್ದರು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಅವಳಿಗೊಂದು ಪಾಲಿಸಿ ಬೇಕು ಅಂದರು. ನನಗೆ ಗಂಟಲು ಕಟ್ಟಿತು. ಎಷ್ಟು ಬರುತ್ತೆ ಅಂತ ಅವರು ಕೇಳಲಿಲ್ಲ. "ಅಕ್ಕಾ, ಮೂರನೇ ವರ್ಷ ಕಟ್ಟಕ್ಕೆ ಆಗದಿದ್ರೆ ಏನಾಗುತ್ತೆ, ಅದನ್ನ ಮೊದಲು ಹೇಳಿ" ಅಂದರು. ಅವಳನ್ನು ನಂಬಿಕೊಂಡವರು ಯಾರು, ಸಾಲ ಇದೆಯಾ ಅಂತ ನಾನು ಕೇಳಿದೆ. ಗಂಡನಿಗೆ ಈಗ ದುಡಿಯಲು ಆಗುವುದಿಲ್ಲ, ಮನೆ ಮಗಳ ಸಂಬಳದ ಮೇಲೇ ನಿಂತಿದೆ ಅಂದರು. ಟರ್ಮ್ ಪಾಲಿಸಿಯ ಕಾಗದ ಕಳಿಸಿದೆ. ಕಂತು ನಿಲ್ಲಿಸಿದರೆ ರಕ್ಷಣೆ ನಿಲ್ಲುತ್ತದೆ, ಕಟ್ಟಿದ್ದು ವಾಪಸ್ ಬರುವುದಿಲ್ಲ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ತಾಯಿ ಮಗಳು ಓದುತ್ತಿದ್ದಾರೆ.

ಅವರ ಪ್ರಶ್ನೆಯನ್ನೇ ಮೊದಲ ಸಾಲಾಗಿ ಇಟ್ಟುಕೊಂಡು ಒಂದು ಹೊಸ ಪೋಸ್ಟ್ ಬರೆದಿದ್ದೇನೆ. ಬ್ರಾಂಚಿನ ಒಪ್ಪಿಗೆಗೆ ಮೊನ್ನೆ ಕಳಿಸಿದೆ.